ವಾರ್ಡಿನ ಪಾಳಿ ಪಟ್ಟಿ: 21 ನರ್ಸ್‌ಗಳು, ಏಳು ವಾರಗಳ ಒಂದು ಚಕ್ರ

ಹೆಚ್ಚಿನ ವಾರ್ಡುಗಳಲ್ಲಿ ಪಾಳಿ ಪಟ್ಟಿ ಹುಟ್ಟುವುದು ತಿಂಗಳ ಕೊನೆಯ ವಾರದಲ್ಲಿ. ಯಾರಿಗೆ ಯಾವ ದಿನ ರಜೆ ಬೇಕೆಂಬ ಚೀಟಿಗಳನ್ನು ಮುಂದಿಟ್ಟುಕೊಂಡು, ಮೊದಲು ಆ ರಜೆಗಳನ್ನು ಬರೆದು, ಉಳಿದ ಖಾಲಿ ಮನೆಗಳನ್ನು ಸಿಕ್ಕವರಿಂದ ತುಂಬಲಾಗುತ್ತದೆ. ಹೀಗೆ ಮಾಡಿದ ಪಟ್ಟಿಯಲ್ಲಿ ಕೇಳಲು ಸಂಕೋಚಪಡುವವರಿಗೇ ರಾತ್ರಿಗಳು ಹೆಚ್ಚಾಗಿ ಬೀಳುತ್ತವೆ. ಯಾರಾದರೂ ಜ್ವರವೆಂದು ಫೋನ್ ಮಾಡಿದ ದಿನ ಇಡೀ ಪಟ್ಟಿ ಅಲುಗಾಡುತ್ತದೆ. ನಾನು ಇಲ್ಲಿ ವಿವರಿಸುವುದು ಬೇರೊಂದು ದಾರಿ. ಅದರಲ್ಲಿ ರಜೆಗೆ ಬೇಕಾದ ಜನರನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ, ಎಲ್ಲರೂ ಸರದಿಯಂತೆ ಹಾದುಹೋಗುವ ಒಂದು ಸ್ಥಿರ ಚಕ್ರವನ್ನು ಕಟ್ಟಲಾಗುತ್ತದೆ. ಉದಾಹರಣೆಗೆ 24 ಹಾಸಿಗೆಗಳ ಒಂದು ವಾರ್ಡನ್ನು ತೆಗೆದುಕೊಂಡು, ಮೊದಲ ಲೆಕ್ಕದಿಂದ ಹೊಸ ಪಟ್ಟಿ ಜಾರಿಯಾಗುವ ಸೋಮವಾರದವರೆಗೆ ಸಾಗೋಣ.

ಮೊದಲ ಹೆಜ್ಜೆ: ಎಷ್ಟು ಜನ ಬೇಕು

ಪಾಳಿಗಳು ಮೂರು: ಬೆಳಿಗ್ಗೆ 7ರಿಂದ ಮಧ್ಯಾಹ್ನ 3, ಮಧ್ಯಾಹ್ನ 3ರಿಂದ ರಾತ್ರಿ 11, ರಾತ್ರಿ 11ರಿಂದ ಬೆಳಿಗ್ಗೆ 7. ವೈದ್ಯರ ರೌಂಡ್ಸ್, ರಕ್ತದ ಮಾದರಿ, ಡಿಸ್ಚಾರ್ಜ್ ಮತ್ತು ಔಷಧಿಯ ಹೆಚ್ಚಿನ ಭಾಗ ಬೆಳಗಿನ ಹೊತ್ತಿನಲ್ಲೇ ಬರುವುದರಿಂದ ಬೆಳಿಗ್ಗೆ 5, ಸಂಜೆ 4, ರಾತ್ರಿ 3 ನರ್ಸ್‌ಗಳು ಬೇಕೆಂದು ಇಟ್ಟುಕೊಳ್ಳೋಣ. ಅಂದರೆ ದಿನಕ್ಕೆ 12 ಪಾಳಿಗಳು, ವಾರಕ್ಕೆ 84. ವಾರ್ಡಿನ ಮುಖ್ಯ ನರ್ಸ್ ಈ ಲೆಕ್ಕದಿಂದ ಹೊರಗಿರುತ್ತಾರೆ.

ಒಬ್ಬರು ವಾರಕ್ಕೆ 5 ಪಾಳಿ ಮಾಡುತ್ತಾರೆ, 84ನ್ನು 5ರಿಂದ ಭಾಗಿಸಿದರೆ 16.8, ಆದ್ದರಿಂದ 17 ಜನ ಸಾಕು ಎಂಬ ತೀರ್ಮಾನದಲ್ಲೇ ಮೊದಲ ತಪ್ಪು ಅಡಗಿದೆ. ಆ 17 ಜನ ವರ್ಷವಿಡೀ ಒಂದು ದಿನವೂ ರಜೆ ತೆಗೆದುಕೊಳ್ಳದಿದ್ದರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ. ಸರಿಯಾದ ಲೆಕ್ಕವನ್ನು ವರ್ಷದ ಮೇಲೆ ಮಾಡಬೇಕು. 365 ದಿನಗಳಲ್ಲಿ 104 ವಾರದ ಆಫ್‌ಗಳನ್ನು ಕಳೆದರೆ 261 ಉಳಿಯುತ್ತದೆ. ಅದರಲ್ಲಿ ವಾರ್ಷಿಕ ರಜೆ 24, ಸಾರ್ವತ್ರಿಕ ರಜೆ 10, ತರಬೇತಿ 5, ಅನಾರೋಗ್ಯ 8 ಎಂದು 47 ದಿನಗಳನ್ನು ಕಳೆದರೆ ಒಬ್ಬರು ನಿಜವಾಗಿ ವಾರ್ಡಿನಲ್ಲಿರುವುದು 214 ದಿನ. ವರ್ಷಕ್ಕೆ ಬೇಕಾದ ಪಾಳಿಗಳು 12 × 365, ಅಂದರೆ 4,380. ಅದನ್ನು 214ರಿಂದ ಭಾಗಿಸಿದರೆ 20.5 ಬರುತ್ತದೆ, ಹಾಗಾಗಿ 21 ಜನ ಬೇಕು. ರಜೆಯ ಅಂಕಿಗಳನ್ನು ಉದಾಹರಣೆಗಾಗಿ ಕೊಟ್ಟಿದ್ದೇನೆ; ನಿಮ್ಮ ಆಸ್ಪತ್ರೆಯ ನಿಯಮದ ಅಂಕಿಗಳನ್ನು ಹಾಕಿಕೊಳ್ಳಿ, ಅನಾರೋಗ್ಯದ ದಿನಗಳನ್ನು ಮಾತ್ರ ಕಳೆದ ವರ್ಷದ ಹಾಜರಿಯಿಂದಲೇ ತೆಗೆಯಿರಿ.

17 ಜನರಿಂದಲೇ ನಡೆಸಿದರೆ ವರ್ಷಕ್ಕೆ 742 ಪಾಳಿಗಳು, ಅಂದರೆ ದಿನಕ್ಕೆ ಎರಡು, ಯಾರ ಹೆಸರಿಗೂ ಇರುವುದಿಲ್ಲ. ಅವು ಓವರ್‌ಟೈಮ್ ಆಗಿಯೋ, ನಿರಾಕರಿಸಿದ ರಜೆಯಾಗಿಯೋ, ಇಬ್ಬರೇ ದೂಡಿದ ರಾತ್ರಿಯಾಗಿಯೋ ಹೊರಬರುತ್ತವೆ. ಪಟ್ಟಿಯನ್ನು ಎಷ್ಟೇ ಜಾಣ್ಮೆಯಿಂದ ಬರೆದರೂ ಈ ಕೊರತೆ ತುಂಬುವುದಿಲ್ಲ. ಜನರಿಲ್ಲದಿದ್ದರೆ ಈ ಸಂಖ್ಯೆಯನ್ನೇ ಬರೆದು ಆಡಳಿತದ ಮುಂದಿಡಬೇಕು.

ಎರಡನೆಯ ಹೆಜ್ಜೆ: ಮುರಿಯಬಾರದ ನಿಯಮಗಳು

ನಿಯಮಗಳು ಹೆಚ್ಚಾದಷ್ಟೂ ಅವನ್ನು ಪಾಲಿಸುವವರು ಕಡಿಮೆ. ನಾನು ನಾಲ್ಕನ್ನೇ ಇಟ್ಟುಕೊಳ್ಳುತ್ತೇನೆ.

ಮೊದಲನೆಯದು, ಎರಡು ಪಾಳಿಗಳ ನಡುವಿನ ಬಿಡುವು. ರಾತ್ರಿ 11ಕ್ಕೆ ಸಂಜೆ ಪಾಳಿ ಮುಗಿಸಿದವರು ಮರುದಿನ ಬೆಳಿಗ್ಗೆ 7ಕ್ಕೆ ಬರಬೇಕಾದರೆ ಸಿಗುವುದು 8 ಗಂಟೆ. ಹೋಗಿಬರುವ ಹೊತ್ತು, ಊಟ, ಸ್ನಾನ ಕಳೆದರೆ ನಿದ್ರೆಗೆ ಐದು ಗಂಟೆ ಉಳಿದರೆ ಪುಣ್ಯ. ಐರೋಪ್ಯ ಒಕ್ಕೂಟದ 2003ರ ಕೆಲಸದ ಅವಧಿಯ ನಿರ್ದೇಶನ ದಿನಕ್ಕೆ ಕನಿಷ್ಠ 11 ಗಂಟೆಗಳ ನಿರಂತರ ವಿಶ್ರಾಂತಿಯನ್ನು ಕೇಳುತ್ತದೆ. ಸಂಜೆಯ ಮರುದಿನ ಬೆಳಗಿನ ಪಾಳಿ ಬಾರದಂತೆ ನೋಡಿಕೊಂಡರೆ ಇದು ತಾನಾಗಿಯೇ ಪಾಲನೆಯಾಗುತ್ತದೆ.

ಎರಡನೆಯದು, ಪಾಳಿಗಳು ಮುಂದಕ್ಕೆ ಸರಿಯಬೇಕು: ಬೆಳಿಗ್ಗೆಯಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ. ಹೆಚ್ಚಿನವರ ದೇಹದ ಗಡಿಯಾರದ ಸುತ್ತು 24 ಗಂಟೆಗಿಂತ ತುಸು ಉದ್ದವಾಗಿರುವುದರಿಂದ, ತಡವಾಗಿ ಮಲಗುವುದು ಬೇಗ ಮಲಗುವುದಕ್ಕಿಂತ ಸುಲಭ.

ಮೂರನೆಯದು, ಒಂದೇ ಸಾಲಿನಲ್ಲಿ ಮೂರಕ್ಕಿಂತ ಹೆಚ್ಚು ರಾತ್ರಿಗಳಿರಬಾರದು, ಕೊನೆಯ ರಾತ್ರಿಯ ನಂತರ ಎರಡು ಆಫ್ ಇರಬೇಕು. ಎರಡು ಏಕೆಂದರೆ ಮೊದಲನೆಯದು ನಿಜವಾದ ಆಫ್ ಅಲ್ಲ. ಬೆಳಿಗ್ಗೆ 7ಕ್ಕೆ ಪಾಳಿ ಮುಗಿಸಿ ಹೋದವರು ಆ ಹಗಲಿನ ಅರ್ಧವನ್ನು ನಿದ್ರೆಗೇ ಕೊಡುತ್ತಾರೆ. ಇನ್ನೊಂದು ದಿನ ಸೇರಿದಾಗಲೇ ಕೆಲಸಕ್ಕೆ ಮರಳುವ ಮುನ್ನ ಎರಡು ರಾತ್ರಿಗಳ ನಿದ್ರೆ ಸಿಗುತ್ತದೆ. ಹದಿನೈದು ದಿನ ಸತತವಾಗಿ ನೈಟ್ ಮಾಡಿಸಿ ಆಮೇಲೆ ಉದ್ದದ ಬಿಡುವು ಕೊಡುವ ಪದ್ಧತಿಯನ್ನು ಕೆಲವರು ಇಷ್ಟಪಡುತ್ತಾರೆ, ನಾನು ಒಪ್ಪುವುದಿಲ್ಲ. ಹಗಲು ನಿದ್ರೆ ರಾತ್ರಿಯದಕ್ಕಿಂತ ಚಿಕ್ಕದು. ಪ್ರತಿದಿನ ಉಳಿಯುವ ಆ ಬಾಕಿ ದಿನದಿಂದ ದಿನಕ್ಕೆ ಬೆಳೆಯುತ್ತಲೇ ಹೋಗುತ್ತದೆ.

ನಾಲ್ಕನೆಯದು, ಸತತವಾಗಿ ಐದಕ್ಕಿಂತ ಹೆಚ್ಚು ದಿನ ಕೆಲಸವಿರಬಾರದು.

ಮೂರನೆಯ ಹೆಜ್ಜೆ: ಚಕ್ರ

21 ಜನರನ್ನು ಮೂವರಂತೆ ಏಳು ತಂಡಗಳಾಗಿ ಮಾಡಿ. ರಾತ್ರಿಗೆ ಬೇಕಾದದ್ದು 3, ಅಂದರೆ ಸರಿಯಾಗಿ ಒಂದು ತಂಡ. ಬೆಳಿಗ್ಗೆಗೂ ಸಂಜೆಗೂ ಸೇರಿ ಬೇಕಾದದ್ದು 9, ಅಂದರೆ ಮೂರು ತಂಡಗಳು: ಒಂದು ಪೂರ್ತಿ ಬೆಳಿಗ್ಗೆಗೆ, ಒಂದು ಪೂರ್ತಿ ಸಂಜೆಗೆ, ಇನ್ನೊಂದರಲ್ಲಿ ಇಬ್ಬರು ಬೆಳಿಗ್ಗೆಗೆ, ಒಬ್ಬರು ಸಂಜೆಗೆ. ಈ ಮೂರನೆಯದನ್ನು ಹಂಚಿಕೆ ತಂಡ ಎನ್ನೋಣ. ಐದನೆಯ ತಂಡ ಆ ದಿನದ ಮೀಸಲು. ರಜೆಯಲ್ಲಿರುವವರ ಜಾಗ ತುಂಬುವುದು ಇವರ ಕೆಲಸ. ಉಳಿದ ಎರಡು ತಂಡಗಳಿಗೆ ಆಫ್.

ಕೆಳಗಿನ ಕೋಷ್ಟಕದಲ್ಲಿ ಬೆ ಎಂದರೆ ಬೆಳಿಗ್ಗೆ, ಹಂ ಹಂಚಿಕೆ, ಸಂ ಸಂಜೆ, ರಾ ರಾತ್ರಿ, ಮೀ ಮೀಸಲು.

| ಸಾಲು | ಸೋಮ | ಮಂಗಳ | ಬುಧ | ಗುರು | ಶುಕ್ರ | ಶನಿ | ಭಾನು |
|---|---|---|---|---|---|---|---|
| 1 | ಆಫ್ | ಆಫ್ | ಬೆ | ಮೀ | ಸಂ | ಆಫ್ | ಆಫ್ |
| 2 | ಬೆ | ಹಂ | ಸಂ | ಆಫ್ | ಹಂ | ಸಂ | ಸಂ |
| 3 | ರಾ | ರಾ | ಆಫ್ | ಆಫ್ | ಮೀ | ಬೆ | ಹಂ |
| 4 | ಸಂ | ಆಫ್ | ಮೀ | ಬೆ | ಬೆ | ಹಂ | ಮೀ |
| 5 | ಆಫ್ | ಮೀ | ರಾ | ರಾ | ಆಫ್ | ಆಫ್ | ಆಫ್ |
| 6 | ಮೀ | ಬೆ | ಹಂ | ಸಂ | ಆಫ್ | ಮೀ | ಬೆ |
| 7 | ಹಂ | ಸಂ | ಆಫ್ | ಹಂ | ರಾ | ರಾ | ರಾ |

ಮೊದಲ ವಾರ ಒಂದನೆಯ ತಂಡ ಒಂದನೆಯ ಸಾಲಿನಲ್ಲಿ, ಎರಡನೆಯದು ಎರಡರಲ್ಲಿ, ಹೀಗೆ ಕೂರುತ್ತವೆ. ಪ್ರತಿ ಸೋಮವಾರ ಎಲ್ಲ ತಂಡಗಳೂ ಒಂದು ಸಾಲು ಕೆಳಗಿಳಿಯುತ್ತವೆ, ಏಳರಲ್ಲಿದ್ದವರು ಒಂದಕ್ಕೆ ಬರುತ್ತಾರೆ. ಯಾವುದೇ ದಿನದ ಕಂಬವನ್ನು ಮೇಲಿನಿಂದ ಕೆಳಗೆ ಓದಿದರೂ ಒಂದು ಬೆ, ಒಂದು ಹಂ, ಒಂದು ಸಂ, ಒಂದು ರಾ, ಒಂದು ಮೀ ಮತ್ತು ಎರಡು ಆಫ್ ಸಿಗುತ್ತವೆ. ಸಾಲುಗಳನ್ನು ಒಂದಕ್ಕೊಂದು ಜೋಡಿಸಿ ಓದಿದರೆ ಪ್ರತಿಯೊಬ್ಬರಿಗೂ ಏಳು ವಾರಗಳಲ್ಲಿ ಈ ಐದು ಬಗೆಯ ಕೆಲಸ ಏಳೇಳು ಬಾರಿ, ಆಫ್ 14 ಬಾರಿ ಬರುತ್ತದೆ. ರಾತ್ರಿಗಳು ಎರಡು, ಎರಡು, ಮೂರರ ಗುಂಪಾಗಿ ಬರುತ್ತವೆ. ಒಂದನೆಯ ಮತ್ತು ಐದನೆಯ ವಾರಗಳಲ್ಲಿ ಶನಿವಾರ, ಭಾನುವಾರ ಎರಡೂ ಬಿಡುವು.

ಸರಾಸರಿ ವಾರಕ್ಕೆ 40 ಗಂಟೆಯಾದರೂ ವಾರದಿಂದ ವಾರಕ್ಕೆ ಅದು 24ರಿಂದ 48ರವರೆಗೆ ಏರಿಳಿಯುತ್ತದೆ. ನಿಮ್ಮಲ್ಲಿ ಗಂಟೆಯ ಮಿತಿಯನ್ನು ಪ್ರತಿ ವಾರಕ್ಕೂ ಬೇರೆಬೇರೆಯಾಗಿ ಲೆಕ್ಕ ಹಾಕುವ ನಿಯಮವಿದ್ದರೆ ಮೊದಲೇ ಪರಿಶೀಲಿಸಿ. ಹ್ಯಾಂಡೋವರ್‌ನ ಸಮಯವನ್ನೂ ಮರೆಯಬೇಡಿ. ಪ್ರತಿ ಪಾಳಿಯ ಕೊನೆಯಲ್ಲಿ ವಿವರ ಒಪ್ಪಿಸಲು 15 ನಿಮಿಷ ಹೆಚ್ಚು ನಿಲ್ಲಬೇಕಾದರೆ, 35 ಪಾಳಿಗಳಲ್ಲಿ ಅದು 8 ಗಂಟೆ 45 ನಿಮಿಷವಾಗುತ್ತದೆ, ಅಂದರೆ ಒಂದು ಚಕ್ರಕ್ಕೆ ಒಂದು ಪೂರ್ತಿ ಪಾಳಿಗಿಂತ ಹೆಚ್ಚು. ಅದಕ್ಕೆ ಪ್ರತಿ ಚಕ್ರಕ್ಕೊಂದು ಮೀಸಲು ದಿನವನ್ನು ಆಫ್ ಆಗಿ ಹಿಂದಿರುಗಿಸುವುದು ನ್ಯಾಯ.

ತಂಡಗಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಕಡಿದುಬಿಡುವುದು ಅಪಾಯ. ರಾತ್ರಿ ಆ ಮೂವರೇ ಇರುವುದರಿಂದ, ವಾರ್ಡನ್ನು ಸ್ವತಂತ್ರವಾಗಿ ನಡೆಸಬಲ್ಲ ಒಬ್ಬ ಹಿರಿಯರು ಪ್ರತಿ ತಂಡದಲ್ಲೂ ಬೇಕು, ಹೊಸಬರು ಒಬ್ಬರಿಗಿಂತ ಹೆಚ್ಚಿರಬಾರದು. ಮೊದಲು ಏಳು ಹಿರಿಯರನ್ನು ಒಬ್ಬೊಬ್ಬರಾಗಿ ಕೂರಿಸಿ, ನಂತರ ಹೊಸಬರನ್ನು ಹಂಚಿ, ಉಳಿದ ಜಾಗಗಳನ್ನು ಕೊನೆಗೆ ತುಂಬಿ. ವೈದ್ಯಕೀಯ ಕಾರಣದಿಂದ ಅಥವಾ ಗರ್ಭಿಣಿಯಾಗಿರುವುದರಿಂದ ರಾತ್ರಿ ಪಾಳಿಯಿಂದ ವಿನಾಯಿತಿ ಪಡೆದವರನ್ನು ತಂಡದ ಮೂವರಲ್ಲಿ ಒಬ್ಬರೆಂದು ಎಣಿಸಲೇಬೇಡಿ. ಅವರನ್ನು 21ರ ಹೊರಗಿಟ್ಟು, ಹಗಲಿನ ಬಲವೆಂದು ಮಾತ್ರ ನೋಡಿ.

ನಾಲ್ಕನೆಯ ಹೆಜ್ಜೆ: ರಜೆಯನ್ನು ತುಂಬುವ ಸರಪಳಿ

ವರ್ಷಕ್ಕೆ ತಲಾ 47 ದಿನದಂತೆ 21 ಜನರ ರಜೆ 987 ದಿನ, ಅಂದರೆ ದಿನಕ್ಕೆ 2.7. ಮೀಸಲಿನಲ್ಲಿ ಮೂವರಿದ್ದಾರೆ, ಹಾಗಾಗಿ ಸರಾಸರಿಯಲ್ಲಿ ಸಾಲುತ್ತದೆ. ಆದರೆ ರಜೆಗಳು ಸರಾಸರಿಯಂತೆ ಬರುವುದಿಲ್ಲ, ಆದ್ದರಿಂದ ಮಿತಿ ಬೇಕು. ಮೊದಲೇ ಗೊತ್ತಿರುವ ರಜೆಗಳನ್ನು ವಾರದಲ್ಲಿ ಐದು ದಿನ ಇಬ್ಬರಿಗೆ, ಎರಡು ದಿನ ಮೂವರಿಗೆ ಮಂಜೂರು ಮಾಡಿದರೆ ವರ್ಷಕ್ಕೆ 832 ಜಾಗ ಸಿಗುತ್ತದೆ. ಅನಾರೋಗ್ಯ ಬಿಟ್ಟು ಬೇಕಾಗುವುದು 819. ಇಬ್ಬರ ಮಿತಿಯಿರುವ ದಿನಗಳಲ್ಲಿ ಮೂರನೆಯವರು ಅನಾರೋಗ್ಯಕ್ಕೆ ಉಳಿಯುತ್ತಾರೆ.

ಖಾಲಿಯಾದ ಜಾಗ ಬೆಳಗಿನದಾದರೆ ಮೀಸಲಿನವರು ನೇರವಾಗಿ ಅಲ್ಲಿ ನಿಲ್ಲುತ್ತಾರೆ. ಖಾಲಿಯಾದದ್ದು ಸಂಜೆಯದಾದರೆ ತೊಡಕು ಶುರುವಾಗುತ್ತದೆ. ಕೋಷ್ಟಕವನ್ನು ನೋಡಿ: ಸೋಮವಾರ, ಬುಧವಾರ, ಶುಕ್ರವಾರ, ಶನಿವಾರಗಳ ಮೀಸಲಿನ ಮರುದಿನ ಬೆಳಗಿನ ಪಾಳಿಯಿದೆ, ಆದ್ದರಿಂದ ಅವರನ್ನು ಸಂಜೆಗೆ ಹಾಕಿದರೆ ಮೊದಲ ನಿಯಮವೇ ಮುರಿಯುತ್ತದೆ. ಹಂಚಿಕೆ ತಂಡ ಉಪಯೋಗಕ್ಕೆ ಬರುವುದು ಇಲ್ಲಿಯೇ. ಹಂಚಿಕೆಯ ಮರುದಿನ ಆ ತಂಡಕ್ಕೆ ಎಂದೂ ಕಡ್ಡಾಯ ಬೆಳಗಿನ ಪಾಳಿಯಿಲ್ಲ. ಅವರಿಗೆ ಬರುವುದು ಸಂಜೆ, ರಾತ್ರಿ, ಇಲ್ಲವೇ ನಾಲ್ಕನೆಯ ಸಾಲಿನ ಭಾನುವಾರದ ಮೀಸಲು. ಆದ್ದರಿಂದ ಹಂಚಿಕೆ ತಂಡದಲ್ಲಿ ಬೆಳಿಗ್ಗೆಗಿದ್ದ ಇಬ್ಬರಲ್ಲಿ ಒಬ್ಬರನ್ನು ಸಂಜೆಗೆ ಸರಿಸಿ, ಅವರ ಬೆಳಗಿನ ಜಾಗಕ್ಕೆ ಮೀಸಲಿನವರನ್ನು ತರಬೇಕು. ಶನಿವಾರ ಹೀಗೆ ಸಂಜೆ ಮಾಡಿದವರಿಗೆ ಭಾನುವಾರದ ಮೀಸಲಿನಲ್ಲಿ ಬೆಳಿಗ್ಗೆ ಕೊಡದಿದ್ದರೆ ಸಾಕು.

ರಾತ್ರಿಯ ಜಾಗ ಖಾಲಿಯಾದರೆ ಸರಪಳಿಗೆ ಇನ್ನೊಂದು ಕೊಂಡಿ ಸೇರುತ್ತದೆ. ಉದಾಹರಣೆಗೆ ಐದನೆಯ ಸಾಲಿನ ಒಬ್ಬರು ಬುಧವಾರದ ರಾತ್ರಿಗೆ ಬರಲಾರೆ ಎಂದು ಮಂಗಳವಾರ ಬೆಳಿಗ್ಗೆ ತಿಳಿಸಿದರು ಎಂದುಕೊಳ್ಳಿ. ಬುಧವಾರದ ಸಂಜೆ ಎರಡನೆಯ ಸಾಲಿನದು, ಅವರಿಗೆ ಗುರುವಾರ ಆಫ್ ಇದೆ. ಅವರಲ್ಲಿ ಒಬ್ಬರು ಸಂಜೆಯ ಬದಲು ರಾತ್ರಿಗೆ ಹೋಗುತ್ತಾರೆ. ಆ ಸಂಜೆಯ ಜಾಗಕ್ಕೆ ಆರನೆಯ ಸಾಲಿನ ಹಂಚಿಕೆ ತಂಡದಿಂದ ಒಬ್ಬರು ಬರುತ್ತಾರೆ; ಅವರಿಗೆ ಗುರುವಾರವೂ ಸಂಜೆಯೇ ಇರುವುದರಿಂದ ತೊಂದರೆಯಿಲ್ಲ. ಖಾಲಿಯಾದ ಬೆಳಗಿನ ಜಾಗವನ್ನು ನಾಲ್ಕನೆಯ ಸಾಲಿನ ಮೀಸಲು ತುಂಬುತ್ತದೆ. ಮೂವರೂ ಒಂದೊಂದು ಹೆಜ್ಜೆ ಸರಿದರು, ಯಾರ ಬಿಡುವೂ 11 ಗಂಟೆಗಿಂತ ಕೆಳಗಿಳಿಯಲಿಲ್ಲ. ರಾತ್ರಿಗೆ ಹೋದವರು ಮಾತ್ರ ಗುರುವಾರದ ಆಫ್‌ನ ಅರ್ಧವನ್ನು ನಿದ್ರೆಗೆ ಕಳೆದುಕೊಂಡಿದ್ದಾರೆ. ಶುಕ್ರವಾರದ ಹಂಚಿಕೆಯಲ್ಲಿ ಅವರಿಗೆ ಸಂಜೆಯನ್ನೇ ಕೊಟ್ಟು, ಒಂದು ಆಫ್ ಬಾಕಿ ಎಂದು ಬರೆದಿಡಬೇಕು.

ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ತಂಡಕ್ಕೆ ಮರುದಿನ ಯಾವಾಗಲೂ ಆಫ್ ಇರುವುದರಿಂದ ಈ ಸರಪಳಿ ನಡೆಯುತ್ತದೆ. ಭಾನುವಾರದ ಸಂಜೆಯವರಿಗೆ ಸೋಮವಾರ, ಮಂಗಳವಾರ ಹೇಗೂ ರಾತ್ರಿಗಳಿವೆ, ಒಂದು ರಾತ್ರಿ ಮೊದಲೇ ಶುರುಮಾಡಿದರೆ ಮೂರಾಗುತ್ತದೆ, ಮಿತಿಯೊಳಗೇ ಇರುತ್ತದೆ. ಶನಿವಾರದ ರಾತ್ರಿಯೇ ಈ ಪಟ್ಟಿಯ ದುರ್ಬಲ ಜಾಗ: ಆ ದಿನದ ಸಂಜೆಯವರನ್ನು ರಾತ್ರಿಗೆ ಸರಿಸಿದರೆ ಭಾನುವಾರದ ಅವರ ಸಂಜೆ ಕೈಬಿಡುತ್ತದೆ, ಸೋಮವಾರ ಮತ್ತೆ ರಾತ್ರಿ ಕಾದಿರುತ್ತದೆ. ಆದ್ದರಿಂದ ಶನಿವಾರ ರಾತ್ರಿಯ ರಜೆಯನ್ನು, ಸಮಾನ ಅನುಭವದ ಇನ್ನೊಬ್ಬರೊಂದಿಗೆ ಅದಲುಬದಲು ಗೊತ್ತಾಗದೆ ಮಂಜೂರು ಮಾಡಬೇಡಿ. ಅದೇ ದಿನ ಮಧ್ಯಾಹ್ನ ಬರುವ ಅನಾರೋಗ್ಯದ ಕರೆಗೂ ಸರಪಳಿ ಒದಗುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಮೀಸಲಿನವರು ಬೆಳಗಿನ ಪಾಳಿಯನ್ನು ಮುಗಿಸುತ್ತಿರುತ್ತಾರೆ. ಅಂಥ ಸಂದರ್ಭಕ್ಕೆ ಆಫ್‌ನಲ್ಲಿರುವವರನ್ನು ಕರೆಯುವ ಸರದಿ ಬೇರೆಯೇ ಬೇಕು.

ಮೀಸಲನ್ನು ಕಾಯುವುದು ಕಷ್ಟದ ಕೆಲಸ. ಯಾರೂ ರಜೆಯಿಲ್ಲದ ದಿನ ಮೂವರು ಹೆಚ್ಚುವರಿಯಾಗಿ ಕಾಣುತ್ತಾರೆ, ಪಕ್ಕದ ವಾರ್ಡಿನವರ ಕಣ್ಣು ಬೀಳುತ್ತದೆ. ಒಂದೆರಡು ಬಾರಿ ಕೊಟ್ಟರೆ ಅದು ರೂಢಿಯಾಗುತ್ತದೆ. ಎರಡು ತಿಂಗಳ ನಂತರ ರಜೆಯ ಅರ್ಜಿಗಳು ಮಿತಿಯೊಳಗಿದ್ದರೂ ತಿರಸ್ಕೃತವಾಗುತ್ತಿದ್ದರೆ, ಮೀಸಲು ಎಲ್ಲೋ ಸೋರುತ್ತಿದೆ ಎಂದು ತಿಳಿಯಬೇಕು.

ಐದನೆಯ ಹೆಜ್ಜೆ: ಅದಲುಬದಲು

ನೌಕರರು ತಮ್ಮತಮ್ಮಲ್ಲೇ ಪಾಳಿ ಬದಲಿಸಿಕೊಳ್ಳುವುದನ್ನು ತಡೆಯಬಾರದು, ಆದರೆ ಇಬ್ಬರೂ ಒಪ್ಪಿದ್ದಾರೆ ಎಂಬುದಷ್ಟೇ ಸಾಲದು. ಒಂದನೆಯ ಸಾಲಿನವರು ತಮ್ಮ ಶುಕ್ರವಾರದ ಸಂಜೆಯನ್ನು ನಾಲ್ಕನೆಯ ಸಾಲಿನವರ ಶುಕ್ರವಾರದ ಬೆಳಿಗ್ಗೆಯೊಂದಿಗೆ ಬದಲಿಸಿಕೊಳ್ಳಲು ಕೇಳುತ್ತಾರೆ ಎನ್ನಿ. ಮೊದಲನೆಯವರಿಗೆ ಗುರುವಾರದ ಮೀಸಲು ಬೆಳಿಗ್ಗೆಯೇ ಆಗಿದ್ದರೆ ಯಾವ ಅಡ್ಡಿಯೂ ಇಲ್ಲ. ಆದರೆ ನಾಲ್ಕನೆಯ ಸಾಲಿನವರಿಗೆ ಶನಿವಾರ ಹಂಚಿಕೆಯಿದೆ. ಅಲ್ಲಿ ಅವರ ಹೆಸರು ಬೆಳಿಗ್ಗೆಗಿದ್ದರೆ ರಾತ್ರಿ 11ಕ್ಕೆ ಹೋಗಿ 7ಕ್ಕೆ ಮರಳಬೇಕಾಗುತ್ತದೆ. ಆ ಶನಿವಾರದ ಸಂಜೆ ಅವರದೇ ಆಗಿದ್ದರೆ ಮಾತ್ರ ಸಹಿ ಹಾಕಬಹುದು. ಆದ್ದರಿಂದ ಪ್ರತಿ ಬದಲಾವಣೆಯಲ್ಲೂ ಇಬ್ಬರ ಹಿಂದಿನ ದಿನವನ್ನೂ ಮುಂದಿನ ದಿನವನ್ನೂ ನೋಡಬೇಕು, ಆ ಪಾಳಿಯಲ್ಲಿ ಹಿರಿಯರೊಬ್ಬರು ಉಳಿಯುತ್ತಾರೆಯೇ ಎಂದೂ ನೋಡಬೇಕು.

ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ನಲ್ಲಿ 21 ಹೆಸರುಗಳಾಗಿ ಬಿಡಿಸಿ ಬರೆದಿದ್ದರೆ, ಪ್ರತಿ ದಿನದ ಕಂಬದ ಕೆಳಗೆ ಈ ಸೂತ್ರವನ್ನಿಡಿ. ಉತ್ತರ 3 ಬರದಿದ್ದರೆ ಯಾರೋ ಬದಲಾವಣೆಯ ಅರ್ಧವನ್ನು ಮಾತ್ರ ದಾಖಲಿಸಿದ್ದಾರೆ.

```
=COUNTIF(C2:C22,"ರಾ")
```

ಆರನೆಯ ಹೆಜ್ಜೆ: ನಿಜವಾಗಿ ನಡೆದದ್ದರ ಲೆಕ್ಕ

ಚಕ್ರ ಕಾಗದದ ಮೇಲೆ ಸಮವಾಗಿದ್ದರೂ ನಡೆದದ್ದು ಸಮವಾಗಿರುವುದಿಲ್ಲ. ಸರಪಳಿಯಲ್ಲಿ ರಾತ್ರಿಗೆ ಸರಿದವರು, ಆಫ್ ದಿನ ಕರೆಗೆ ಓಗೊಟ್ಟವರು, ಹಂಚಿಕೆಯ ಸಂಜೆಯನ್ನು ಪದೇಪದೇ ಪಡೆದವರು, ಎಲ್ಲರೂ ರಜೆ ಬಯಸುವ ದಿನಗಳಲ್ಲಿ ಕೆಲಸ ಮಾಡಿದವರು: ಈ ನಾಲ್ಕನ್ನು ಹೆಸರುವಾರು ಎಣಿಸುವ ಒಂದು ಪುಟ ಸಾಕು, ಅದು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಲಿ. ನಾನು ಮೊದಲ ಬಾರಿ ಹೀಗೆ ಎಣಿಸಿದಾಗ, ಹೆಚ್ಚುವರಿ ಕರೆಗಳಲ್ಲಿ ಅರ್ಧಕ್ಕೂ ಹೆಚ್ಚು ಇಬ್ಬರ ಮೇಲೆಯೇ ಬಿದ್ದಿದ್ದವು. ಅವರು ಎಂದೂ ದೂರಿರಲಿಲ್ಲ, ಇಲ್ಲವೆನ್ನುವುದು ಅವರಿಗೆ ಬರುತ್ತಿರಲಿಲ್ಲ, ಹಾಗಾಗಿ ಫೋನ್ ಮೊದಲು ಅವರಿಗೇ ಹೋಗುತ್ತಿತ್ತು. ಅಂದಿನಿಂದ ಎಣಿಕೆ ಕಡಿಮೆಯಿರುವವರನ್ನೇ ಮೊದಲು ಕರೆಯುವುದು ನಿಯಮವಾಯಿತು.

ಹಂಚಿಕೆಯ ಸಂಜೆಯ ಬಗ್ಗೆ ಒಂದು ಮಾತು: ಒಂದು ಚಕ್ರದಲ್ಲಿ ಏಳು ಹಂಚಿಕೆ ದಿನಗಳು, ಮೂವರು ಜನ, ಆದ್ದರಿಂದ ಒಬ್ಬರಿಗೆ ಮೂರು ಸಂಜೆಗಳು, ಇಬ್ಬರಿಗೆ ಎರಡೆರಡು. ಸರದಿಯನ್ನು ನಿಲ್ಲಿಸದೆ ಮುಂದುವರಿಸಿದರೆ ಮೂರು ಚಕ್ರಗಳಲ್ಲಿ, ಅಂದರೆ 21 ವಾರಗಳಲ್ಲಿ, ಏಳೇಳು ಸಮವಾಗುತ್ತದೆ. ತಂಡಗಳನ್ನು ಬೆರೆಸಿ ಹೊಸದಾಗಿ ಕಟ್ಟಲು ಅದೇ ಸರಿಯಾದ ಸಮಯ. ಒಂದೇ ಮೂವರು ವರ್ಷಗಟ್ಟಲೆ ಒಟ್ಟಿಗೆ ರಾತ್ರಿ ಮಾಡಿದರೆ ಹೊಸಬರು ಒಬ್ಬ ಹಿರಿಯರ ಪದ್ಧತಿಯನ್ನಷ್ಟೇ ಕಲಿಯುತ್ತಾರೆ, ಮನಸ್ತಾಪವಾದರಂತೂ ಅದಕ್ಕೆ ಹೊರದಾರಿಯೇ ಇರುವುದಿಲ್ಲ.

ಹಳೆಯ ಪಟ್ಟಿಯಿಂದ ಹೊಸದಕ್ಕೆ ದಾಟುವ ಸೋಮವಾರ

ಹೊಸ ಚಕ್ರವನ್ನು ಕನಿಷ್ಠ ನಾಲ್ಕು ವಾರ ಮೊದಲು ಪ್ರಕಟಿಸಿ, ಸೋಮವಾರದಂದೇ ಆರಂಭಿಸಿ. ಮೊದಲ ಸೋಮವಾರ ಯಾವ ತಂಡ ಯಾವ ಸಾಲಿನಲ್ಲಿ ಕೂರಬೇಕೆಂಬುದು ಹಿಂದಿನ ಭಾನುವಾರ ಅವರು ಮಾಡಿದ್ದ ಪಾಳಿಯ ಮೇಲೆ ನಿಂತಿದೆ. ಭಾನುವಾರ ರಾತ್ರಿ ಮಾಡಿದವರು ಒಂದನೆಯ ಸಾಲಿಗೇ ಬರಬೇಕು, ಏಕೆಂದರೆ ಎರಡು ಆಫ್‌ಗಳಿಂದ ಶುರುವಾಗುವುದು ಅದೊಂದೇ. ಭಾನುವಾರ ಸಂಜೆ ಮಾಡಿದವರನ್ನು ಎರಡು ಮತ್ತು ಆರನೆಯ ಸಾಲುಗಳಿಂದ ದೂರವಿಡಿ. ಮೂರು, ನಾಲ್ಕು ಅಥವಾ ಐದರಲ್ಲಿ ಅವರಿಗೆ ತೊಂದರೆಯಿಲ್ಲ, ಏಳರಲ್ಲಾದರೆ ಹಂಚಿಕೆಯ ಸಂಜೆ ಅವರಿಗೇ ಸಲ್ಲಬೇಕು. ಹಳೆಯ ಪಟ್ಟಿಯಲ್ಲಿ ಶುಕ್ರವಾರದಿಂದ ರಾತ್ರಿ ಮಾಡಿ ಬಂದ ತಂಡವನ್ನು ಮೂರನೆಯ ಸಾಲಿನಲ್ಲಿ ಕೂರಿಸಿದರೆ ಅವರಿಗೆ ಸತತ ಐದು ರಾತ್ರಿಗಳಾಗುತ್ತವೆ. ಹೊಸ ಪಟ್ಟಿಯ ಮೊದಲ ವಾರದಲ್ಲಿ ಬರುವ ದೂರುಗಳಲ್ಲಿ ಹೆಚ್ಚಿನವು ಈ ಜೋಡಣೆಯಲ್ಲಿ ಆದ ತಪ್ಪಿನಿಂದ ಬಂದಿರುತ್ತವೆ, ಆದ್ದರಿಂದ ಆ 21 ಹೆಸರುಗಳ ಹಿಂದಿನ ಮೂರು ದಿನಗಳನ್ನು ಒಂದೊಂದಾಗಿ ನೋಡಿದ ಮೇಲೆಯೇ ಪಟ್ಟಿಯನ್ನು ಹಚ್ಚಬೇಕು.